ಹನ್ನೆರಡೂವರೆಯಿಂದ ಆರಕ್ಕೆ: ಒಂದು ಪೆನ್‌ಡ್ರೈವ್ ಉತ್ತರಕ್ಕೆ ನಾನೇ ಅಂಕ ಹಾಕಿದ್ದು

ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಓದುತ್ತಿದ್ದ ನಾವು ನಾಲ್ವರು ಧಾರವಾಡದಲ್ಲಿ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ವಾರಕ್ಕೊಬ್ಬರು ಒಂದು ಸಮಸ್ಯೆ ಕಟ್ಟಿ ಅದಕ್ಕೊಂದು ಮಾದರಿ ಉತ್ತರ ಬರೆಯಬೇಕು. ಉಳಿದವರಿಗೆ ಕೊಡುವ ಮೊದಲು ತಾವೇ ಅದಕ್ಕೆ ಅಂಕ ಹಾಕಬೇಕು. ನನ್ನ ಪಾಲಿಗೆ ಬಂದದ್ದು ವಿದ್ಯುನ್ಮಾನ ದಾಖಲೆಗಳ ಅಂಗೀಕಾರಾರ್ಹತೆ. ಮೂರು ವರ್ಷದಿಂದ ಕೋರ್ಟಿನಲ್ಲಿ ಓಡಾಡುತ್ತಿದ್ದೇನೆ, ಸಿಸಿಟಿವಿ ಇಲ್ಲದ ಕ್ರಿಮಿನಲ್ ಫೈಲು ಈಗ ಅಪರೂಪ, ಇದೇನು ಮಹಾ ಎಂದುಕೊಂಡೆ.

ಸಮಸ್ಯೆ ಹೀಗಿತ್ತು. ಹುಬ್ಬಳ್ಳಿಯ ಒಂದು ಬೆಳ್ಳಿ-ಬಂಗಾರದ ಅಂಗಡಿ. 2024ರ ಜೂನ್ 20ರ ರಾತ್ರಿ ಅಂಗಡಿಯ ನೌಕರನೊಬ್ಬ ಕಪಾಟಿನಿಂದ ಎರಡು ಸರ ತೆಗೆದಿದ್ದಾನೆ. ಜುಲೈ 4ರಂದು ದಾಸ್ತಾನು ತಾಳೆ ನೋಡುವಾಗ ವಿಷಯ ಗೊತ್ತಾಗುತ್ತದೆ. ಜುಲೈ 5ಕ್ಕೆ ದೂರು, ಅವತ್ತೇ ಎಫ್‌ಐಆರ್. ಜುಲೈ 8ರಂದು ಅಂಗಡಿಯ ಮ್ಯಾನೇಜರ್ ಸಿಸಿಟಿವಿ ದೃಶ್ಯಗಳನ್ನು ದಾಖಲಿಸಿಡುವ ಡಿವಿಆರ್‌ನಿಂದ 11 ನಿಮಿಷದ ದೃಶ್ಯವನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಡುತ್ತಾನೆ, ತನಿಖಾಧಿಕಾರಿ ಪಂಚನಾಮೆ ಮಾಡಿ ಅದನ್ನು ವಶಕ್ಕೆ ಪಡೆಯುತ್ತಾರೆ. ಡಿವಿಆರ್ ಮಾತ್ರ ಅಂಗಡಿಯಲ್ಲೇ ಉಳಿಯುತ್ತದೆ. ಅದರಲ್ಲಿ 30 ದಿನ ಕಳೆದದ್ದರ ಮೇಲೆ ಹೊಸ ದೃಶ್ಯ ಬಂದು ಕೂರುವ ಸೆಟ್ಟಿಂಗ್ ಇದ್ದುದರಿಂದ ಜುಲೈ ಕೊನೆಯ ಹೊತ್ತಿಗೆ ಮೂಲ ಅಳಿಸಿಹೋಗಿದೆ. ದೋಷಾರೋಪಣ ಪಟ್ಟಿಯ ಜೊತೆ ತನಿಖಾಧಿಕಾರಿ ಒಬ್ಬರೇ ಸಹಿ ಮಾಡಿದ ಒಂದು ಪುಟದ ಪ್ರಮಾಣಪತ್ರವಿದೆ. ಪೆನ್‌ಡ್ರೈವನ್ನು ಕೋರ್ಟಿನಲ್ಲಿ ಗುರುತು ಮಾಡುವಾಗ ಆರೋಪಿ ಪರ ವಕೀಲರು ಸುಮ್ಮನಿದ್ದರು, ಅಂತಿಮ ವಾದದಲ್ಲಿ ಆಕ್ಷೇಪ ಎತ್ತಿದರು. ಪೆನ್‌ಡ್ರೈವ್ ಗ್ರಾಹ್ಯವೇ? 15 ಅಂಕ.

ಸಮಸ್ಯೆ ಕಟ್ಟಿದವನೂ ನಾನೇ, ಉತ್ತರ ಬರೆದವನೂ ನಾನೇ. ಬರೆದ ದಿನವೇ ಒಮ್ಮೆ ಓದಿ ಹನ್ನೆರಡೂವರೆ ಹಾಕಿಕೊಂಡೆ. ಎಂಟು ದಿನ ಬಿಟ್ಟು, ಅಂಕಗಳನ್ನು ಭಾಗ ಮಾಡಿಟ್ಟುಕೊಂಡು ಮತ್ತೆ ಕುಳಿತೆ: ಯಾವ ಕಾಯ್ದೆ ಎಂಬುದಕ್ಕೆ 2, ಮೂಲವೋ ನಕಲೋ ಎಂಬುದಕ್ಕೆ 3, ಪ್ರಮಾಣಪತ್ರಕ್ಕೆ 4, ಹಂತ ಮತ್ತು ಆಕ್ಷೇಪಕ್ಕೆ 3, ತೀರ್ಮಾನಕ್ಕೆ 3. ಈ ಸಲ ಉತ್ತರವನ್ನು ಮೊದಲು ಓದಲಿಲ್ಲ. ಸಮಸ್ಯೆಯಲ್ಲಿದ್ದ ಒಂದೊಂದು ಸಂಗತಿಯನ್ನೂ ಎಡಗಡೆ ಬರೆದುಕೊಂಡೆ, ಆಮೇಲೆ ಆ ಸಂಗತಿಗೆ ಕೆಲಸ ಕೊಟ್ಟ ಸಾಲು ಉತ್ತರದಲ್ಲಿ ಎಲ್ಲಿದೆ ಎಂದು ಹುಡುಕಿದೆ. ಎಡಗಡೆ ಒಂಬತ್ತು ಸಂಗತಿಗಳಿದ್ದವು. ನನ್ನ ಉತ್ತರ ಮುಟ್ಟಿದ್ದು ನಾಲ್ಕನ್ನು. ಉಳಿದ ಜಾಗವನ್ನೆಲ್ಲ ತೀರ್ಪುಗಳ ಹೆಸರುಗಳು ತುಂಬಿದ್ದವು.

ಮೊದಲ ಪೆಟ್ಟು ಮೊದಲ ಸಾಲಿಗೇ ಬಿತ್ತು. "ಘಟನೆ ನಡೆದದ್ದು 20-6-2024ರಂದು, ಆದ್ದರಿಂದ ಈ ಪ್ರಕರಣಕ್ಕೆ 1872ರ ಭಾರತೀಯ ಸಾಕ್ಷ್ಯ ಅಧಿನಿಯಮ ಅನ್ವಯಿಸುತ್ತದೆ" ಎಂದು ಬರೆದಿದ್ದೆ. ಓದಲು ಎಷ್ಟು ಸಹಜವಾಗಿದೆ ನೋಡಿ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಗೆ ಬಂದದ್ದು 2024ರ ಜುಲೈ 1ರಂದು, ಅಪರಾಧ ಅದಕ್ಕೂ ಮುಂಚಿನದು, ಮುಗಿಯಿತಲ್ಲ! ಆದರೆ ಹೊಸ ಅಧಿನಿಯಮದ ಕಲಂ 170 ಅಪರಾಧದ ದಿನಾಂಕವನ್ನು ಕೇಳುವುದೇ ಇಲ್ಲ. ಅದು ಕೇಳುವುದು, ಜಾರಿಗೆ ಬರುವ ದಿನದ ಹಿಂದಿನ ಕ್ಷಣದಲ್ಲಿ ಅರ್ಜಿ, ವಿಚಾರಣೆ, ತನಿಖೆ, ನಡವಳಿ ಅಥವಾ ಅಪೀಲು ಯಾವುದಾದರೂ ಬಾಕಿ ಇತ್ತೇ ಎಂದು. ಇದ್ದರೆ ಅದು ಹಳೆಯ ಕಾಯ್ದೆಯಲ್ಲೇ ಮುಂದುವರಿಯುತ್ತದೆ. ನಮ್ಮ ಅಂಗಡಿಯ ವಿಷಯದಲ್ಲಿ ಜೂನ್ 30ರಂದು ಏನು ಬಾಕಿ ಇತ್ತು? ಏನೂ ಇಲ್ಲ. ಸರ ಕಳುವಾದದ್ದು ಮಾಲೀಕರಿಗೇ ಗೊತ್ತಿರಲಿಲ್ಲ. ಆದ್ದರಿಂದ ಅಪರಾಧ ಭಾರತೀಯ ದಂಡ ಸಂಹಿತೆಯದು, ಸಾಕ್ಷ್ಯದ ನಿಯಮ ಹೊಸ ಅಧಿನಿಯಮದ್ದು. ಎರಡು ಕಾಯ್ದೆಗಳು ಒಂದೇ ಫೈಲಿನಲ್ಲಿ. ದೂರನ್ನು ಜುಲೈ 5ಕ್ಕೆ ಇಟ್ಟದ್ದೇ ಈ ಬಲೆಗಾಗಿ. ಬಲೆ ಹೆಣೆದವನೇ ಅದರಲ್ಲಿ ಬಿದ್ದಿದ್ದೆ. ಎರಡಕ್ಕೆ ಸೊನ್ನೆ.

ಇಲ್ಲಿ ಸ್ವಲ್ಪ ಹೊತ್ತು ಯೋಚಿಸಿದೆ. ಮೊದಲ ಹೆಜ್ಜೆ ತಪ್ಪಿದರೂ ಮುಂದಿನ ತರ್ಕ ಅದಕ್ಕೆ ತಕ್ಕಂತೆ ಸರಿಯಾಗಿದ್ದರೆ ಪರೀಕ್ಷಕರು ಒಂದಿಷ್ಟು ಅಂಕ ಕೊಡುತ್ತಾರೆ. ಆದರೆ ಈ ತಪ್ಪಿನ ಹಾನಿ ಎರಡು ಅಂಕಕ್ಕೆ ನಿಲ್ಲುವುದಿಲ್ಲ. ಹಳೆಯ ಕಲಂ 65ಬಿ(4)ರಲ್ಲಿ ವಿದ್ಯುನ್ಮಾನ ದಾಖಲೆಯ ಪ್ರಮಾಣಪತ್ರಕ್ಕೆ ಹೊಣೆಯ ಸ್ಥಾನದಲ್ಲಿರುವ ಒಬ್ಬರ ಸಹಿ ಸಾಕಿತ್ತು. ಹೊಸ ಕಲಂ 63(4) ಇಬ್ಬರನ್ನು ಕೇಳುತ್ತದೆ: ಆ ಕಂಪ್ಯೂಟರ್ ಅಥವಾ ಸಾಧನದ ಇಲ್ಲವೇ ಆ ಕೆಲಸದ ನಿರ್ವಹಣೆಯ ಉಸ್ತುವಾರಿ ಹೊತ್ತವರು ಒಬ್ಬರು, ತಜ್ಞರು ಇನ್ನೊಬ್ಬರು. ನಮೂನೆಯನ್ನೂ ಅನುಸೂಚಿಯಲ್ಲಿ ಕೊಟ್ಟಿದೆ, ಎ ಭಾಗ ಪಕ್ಷಕಾರರದು, ಬಿ ಭಾಗ ತಜ್ಞರದು. ಮೊದಲ ಸಾಲು ತಪ್ಪಿದ್ದರಿಂದ ಇದೆಲ್ಲ ನನ್ನ ಉತ್ತರದಲ್ಲಿ ಇರಲೇ ಇಲ್ಲ.

ಎರಡನೆಯದು ಮೂಲ ಮತ್ತು ನಕಲಿನ ಗೊಂದಲ. ನಾನು ಬರೆದದ್ದು: "ಅನ್ವರ್ ಪಿ.ವಿ. ವಿರುದ್ಧ ಪಿ.ಕೆ. ಬಷೀರ್ (2014) ಪ್ರಕರಣದಂತೆ ವಿದ್ಯುನ್ಮಾನ ದಾಖಲೆಯನ್ನು ಪ್ರಾಥಮಿಕ ಸಾಕ್ಷ್ಯವಾಗಿ ಹಾಜರುಪಡಿಸಿದರೆ ಪ್ರಮಾಣಪತ್ರ ಬೇಕಿಲ್ಲ. ಇಲ್ಲಿ ಪೆನ್‌ಡ್ರೈವನ್ನೇ ಹಾಜರುಪಡಿಸಲಾಗಿದೆ." ಮೊದಲ ವಾಕ್ಯ ಓದಿ ಖುಷಿಯಾಗಿ ಪಕ್ಕದಲ್ಲಿ ಸರಿ ಗುರುತು ಹಾಕಿದ್ದೆ. ಎರಡನೆಯ ವಾಕ್ಯವನ್ನು ಮತ್ತೆ ಓದಿದಾಗ ಮುಖ ಕೆಂಪಾಯಿತು. "ಪೆನ್‌ಡ್ರೈವನ್ನೇ" ಎಂಬ ಆ "ಏ"ಕಾರ ಮಾಡಿದ ಮೋಸ ಅದು. ವಸ್ತು ಕಣ್ಣೆದುರಿಗಿದೆ, ಕೈಯಲ್ಲಿ ಹಿಡಿಯಬಹುದು, ಹಾಗಾಗಿ ಅದೇ ಮೂಲ ಎಂದು ಮನಸ್ಸು ಒಪ್ಪಿಬಿಡುತ್ತದೆ. ಆದರೆ ಜೂನ್ 20ರ ರಾತ್ರಿ ಕ್ಯಾಮೆರಾದ ದೃಶ್ಯ ದಾಖಲಾದದ್ದು ಡಿವಿಆರ್ ಒಳಗಿನ ಹಾರ್ಡ್‌ಡಿಸ್ಕಿನಲ್ಲಿ. ಆ ಪೆನ್‌ಡ್ರೈವ್ ಅವತ್ತು ಬಹುಶಃ ಯಾವುದೋ ಅಂಗಡಿಯ ಪ್ಯಾಕೆಟ್ಟಿನಲ್ಲಿತ್ತು.

2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪು ಈ ಜಾಗವನ್ನೇ ಸ್ಪಷ್ಟ ಮಾಡಿದೆ. ಮಹಾರಾಷ್ಟ್ರದ ಜಾಲ್ನಾ ವಿಧಾನಸಭಾ ಚುನಾವಣೆಯ ತಕರಾರು ಅದು. ನಾಮಪತ್ರಗಳು ಮಧ್ಯಾಹ್ನ ಮೂರು ಗಂಟೆಯ ಗಡುವು ಮೀರಿ ಬಂದವು ಎಂದು ತೋರಿಸಲು ಚುನಾವಣಾಧಿಕಾರಿಯ ಕಚೇರಿಯ ವಿಡಿಯೋದ ಪ್ರತಿಗಳನ್ನು ಬಳಸಿದ್ದರು. ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು: ಮೂಲ ಸಾಧನದ ಒಡೆಯನೇ ಸಾಕ್ಷಿಕಟ್ಟೆಗೆ ಬಂದು, ಇದು ನನ್ನದು, ನಾನೇ ಬಳಸುತ್ತಿದ್ದದ್ದು, ಮಾಹಿತಿ ಮೊದಲು ದಾಖಲಾದದ್ದು ಇದರಲ್ಲೇ ಎಂದು ರುಜುವಾತು ಮಾಡಿದರೆ ಪ್ರಮಾಣಪತ್ರ ಬೇಡ. ಸಾಧನವನ್ನು ತರಲಾಗದೆ ಅದರ ಪ್ರತಿ ತಂದರೆ ಪ್ರಮಾಣಪತ್ರ ಕಡ್ಡಾಯ. ಅನ್ವರ್ ತೀರ್ಪಿನ ಆ ಪ್ರಸಿದ್ಧ ವಾಕ್ಯದಿಂದ "ಕಲಂ 62ರ ಅಡಿಯಲ್ಲಿ" ಎಂಬ ಪದಗಳನ್ನು ಬಿಟ್ಟು ಓದಬೇಕು ಎಂದೂ ಇದೇ ಪೀಠ ಹೇಳಿತು. ನಾನು ಬಾಯಿಪಾಠ ಮಾಡಿದ್ದು ತಿದ್ದುವ ಮೊದಲಿನ ವಾಕ್ಯ, ಹಳೆಯ ನೋಟ್ಸಿನಿಂದ.

ಗುಂಪಿನ ಗೆಳತಿಯೊಬ್ಬಳು ಇಲ್ಲಿ ತಕರಾರು ತೆಗೆದಳು. ಹೊಸ ಅಧಿನಿಯಮದ ಕಲಂ 57ಕ್ಕೆ ಸೇರಿಸಿರುವ ವಿವರಣೆಗಳಲ್ಲಿ, ದಾಖಲೆ ಏಕಕಾಲಕ್ಕೆ ಅಥವಾ ಒಂದರ ನಂತರ ಒಂದರಂತೆ ಹಲವು ಫೈಲುಗಳಲ್ಲಿ ಸಂಗ್ರಹವಾದರೆ ಪ್ರತಿಯೊಂದು ಫೈಲೂ ಪ್ರಾಥಮಿಕ ಸಾಕ್ಷ್ಯ ಎಂದಿದೆ. "ಒಂದರ ನಂತರ ಒಂದು ಅಂದ್ರ ಪೆನ್‌ಡ್ರೈವಿನ ಕಾಪಿನೂ ಬರಬೇಕಲ್ಲೋ?" ಎಂದಳು. ವಾದ ಜಾಣತನದ್ದೇ. ನನಗೆ ಅನ್ನಿಸುವುದು, ಆ ವಿವರಣೆ ಯಂತ್ರ ತಾನಾಗಿ ಉಳಿಸಿಟ್ಟುಕೊಳ್ಳುವ ರೀತಿಯ ಬಗ್ಗೆ ಇದೆ. 18 ದಿನದ ನಂತರ ಒಬ್ಬ ಮನುಷ್ಯ ಆರಿಸಿ ಕತ್ತರಿಸಿ ಇಳಿಸಿಕೊಟ್ಟ 11 ನಿಮಿಷದ ತುಣುಕಿಗೂ ಅದು ಅನ್ವಯಿಸುತ್ತದೆ ಎಂದರೆ ಕಲಂ 63ಕ್ಕೆ ಕೆಲಸವೇ ಉಳಿಯುವುದಿಲ್ಲ. ಆದರೂ ಮಾದರಿ ಉತ್ತರದಲ್ಲಿ ಈ ವಾದವನ್ನು ಎತ್ತಿ ಉತ್ತರಿಸಬೇಕಿತ್ತು. ನಾನು ಎತ್ತಿರಲೇ ಇಲ್ಲ. ಮೂರಕ್ಕೆ ಒಂದೂವರೆ.

ಈಗ ಪ್ರಮಾಣಪತ್ರ. ನನಗೆ ನಾಚಿಕೆ ತಂದದ್ದೂ, ಕಲಿಸಿದ್ದೂ ಈ ನಾಲ್ಕು ಅಂಕಗಳೇ. ಮೊದಲ ಕರಡಿನಲ್ಲಿ "ಪ್ರಮಾಣಪತ್ರ ಸಲ್ಲಿಸಲಾಗಿದೆ, ಆದ್ದರಿಂದ ಷರತ್ತು ಪೂರೈಸಿದೆ" ಎಂದಿತ್ತು. ಯಾರ ಸಹಿ ಎಂಬ ಸಂಗತಿ ಎಡಗಡೆಯ ಪಟ್ಟಿಯಲ್ಲಿ ಎದ್ದು ಕಾಣುತ್ತಿತ್ತು, ಬಲಗಡೆ ಅದಕ್ಕೊಂದು ಪದವೂ ಇರಲಿಲ್ಲ. ತನಿಖಾಧಿಕಾರಿ ಸಹಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಕಾನೂನಿನ ಪುಸ್ತಕವನ್ನೂ ತೆರೆಯಬೇಕಿಲ್ಲ, ಷರತ್ತುಗಳನ್ನು ಒಂದೊಂದಾಗಿ ಅವರ ಬಾಯಲ್ಲಿ ಹೇಳಿಸಿ ನೋಡಿದರೆ ಸಾಕು. ಆ ಅವಧಿಯಲ್ಲಿ ಡಿವಿಆರ್ ನಿಯತವಾಗಿ ಬಳಕೆಯಲ್ಲಿತ್ತು: ಅವರಿಗೆ ಗೊತ್ತಿಲ್ಲ. ದಿನನಿತ್ಯದ ಕೆಲಸದ ಭಾಗವಾಗಿ ದೃಶ್ಯಗಳು ಅದರಲ್ಲಿ ದಾಖಲಾಗುತ್ತಿದ್ದವು: ಗೊತ್ತಿಲ್ಲ. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು, ಕೆಟ್ಟಿದ್ದರೂ ಅದರಿಂದ ದಾಖಲೆಗೆ ಧಕ್ಕೆಯಾಗಿಲ್ಲ: ಗೊತ್ತಿಲ್ಲ. ಜುಲೈ 8ಕ್ಕೆ ಮೊದಲು ಅವರು ಆ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಇದೆಲ್ಲ ಹೇಳಬಲ್ಲವನು ಮ್ಯಾನೇಜರ್. ಅವನು ಅಭಿಯೋಜನೆಯ ಸಾಕ್ಷಿಗಳ ಪಟ್ಟಿಯಲ್ಲೇ ಇದ್ದಾನೆ, ಆದರೂ ಅವನ ಸಹಿ ಯಾರೂ ಕೇಳಲಿಲ್ಲ.

ಇದನ್ನು ತಿದ್ದಲು ಕುಳಿತಾಗ ಇನ್ನೂ ಕೆಟ್ಟ ತಪ್ಪು ಮಾಡಿದೆ. ಉತ್ತರದಲ್ಲಿ 65ಬಿ ಎಂದು ಇದ್ದಲ್ಲೆಲ್ಲ ಹೊಡೆದು 63 ಎಂದು ಬರೆದೆ. ತಿದ್ದುಪಡಿ ಮುಗಿಯಿತು ಎಂದುಕೊಂಡೆ! ಅಂಕಿ ಬದಲಾಯಿತು, ವಾಕ್ಯದೊಳಗಿನ ಕಾನೂನು ಹಳೆಯದೇ ಉಳಿಯಿತು. "ಕಲಂ 63(4)ರಂತೆ ಹೊಣೆಯ ಸ್ಥಾನದಲ್ಲಿರುವ ವ್ಯಕ್ತಿಯ ಸಹಿ ಸಾಕು." ಹಳೆಯ ಕಾಯ್ದೆಯನ್ನೇ ಓದಿ ಬೆಳೆದ ನಮ್ಮ ಬ್ಯಾಚಿನವರ ಉತ್ತರಗಳಲ್ಲಿ ಇದು ಈಗ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು. ಗುಂಪಿನ ಉಳಿದ ಮೂವರ ಹಾಳೆಗಳಲ್ಲೂ ಆಮೇಲೆ ಇದನ್ನೇ ನೋಡಿದೆ. ಪತ್ತೆ ಮಾಡುವುದು ಸುಲಭ: "63" ಎಂದು ಬರೆದ ಉತ್ತರದಲ್ಲಿ "ತಜ್ಞ" ಮತ್ತು "ಹ್ಯಾಷ್" ಎಂಬ ಎರಡು ಪದಗಳು ಎಲ್ಲೂ ಇಲ್ಲದಿದ್ದರೆ ಬರೆದವರು ಅಂಕಿಯನ್ನಷ್ಟೇ ಬದಲಿಸಿದ್ದಾರೆ. ಹ್ಯಾಷ್ ಎಂದರೆ ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿ ತೆಗೆಯುವ, ಬೆರಳಚ್ಚಿನಂಥ ಒಂದು ಗುರುತು.

ಸರಿ, ಹ್ಯಾಷ್ ಸೇರಿಸಿದೆ. ಅನುಸೂಚಿಯ ನಮೂನೆ ಹ್ಯಾಷ್ ಮೌಲ್ಯವನ್ನೂ, ಅದನ್ನು ಯಾವ ವಿಧಾನದಿಂದ ತೆಗೆದದ್ದು ಎಂಬುದನ್ನೂ ಕೇಳುತ್ತದೆ. ಅದಕ್ಕೆ ನಾನು ಸೇರಿಸಿದ ಸಾಲು: "ಹ್ಯಾಷ್ ಮೌಲ್ಯ ನಮೂದಿಸಿದರೆ ದೃಶ್ಯವನ್ನು ತಿರುಚಿಲ್ಲ ಎಂದು ಸಾಬೀತಾಗುತ್ತದೆ." ಇದನ್ನು ಓದಿದ ಇನ್ನೊಬ್ಬ ಗೆಳೆಯ, ಕಾನೂನಿಗೆ ಬರುವ ಮೊದಲು ಎಂಜಿನಿಯರಿಂಗ್ ಮುಗಿಸಿದವನು, ಮಾತಾಡದೆ ತನ್ನ ಲ್ಯಾಪ್‌ಟಾಪ್ ತೆರೆದು ಒಂದು ವಿಡಿಯೋ ಫೈಲಿನ ಮೇಲೆ ಇದನ್ನು ಓಡಿಸಿದ:

```
sha256sum camera3.mp4
```

ಅರವತ್ನಾಲ್ಕು ಅಕ್ಷರಗಳ ಒಂದು ಉದ್ದ ಸಾಲು ಬಂತು. ಫೈಲಿನ ಹೆಸರು ಬದಲಿಸಿ ಮತ್ತೆ ಓಡಿಸಿದ, ಅದೇ ಸಾಲು. ವಿಡಿಯೋದ ಕೊನೆಯ ಒಂದು ಸೆಕೆಂಡು ಕತ್ತರಿಸಿ ಓಡಿಸಿದ, ಇಡೀ ಸಾಲೇ ಬೇರೆ. ಅದೇ ಫೈಲನ್ನು ವಾಟ್ಸಾಪ್‌ನಲ್ಲಿ ವಿಡಿಯೋ ಆಗಿ ನನಗೆ ಕಳಿಸಿ, ನನ್ನ ಫೋನಿನಿಂದ ಮತ್ತೆ ಇಳಿಸಿಕೊಂಡು ಓಡಿಸಿದ. ಒಂದು ಚೌಕಟ್ಟನ್ನೂ ಯಾರೂ ಮುಟ್ಟಿರಲಿಲ್ಲ, ಆದರೂ ಸಾಲು ಬೇರೆ, ಯಾಕೆಂದರೆ ವಾಟ್ಸಾಪ್ ವಿಡಿಯೋವನ್ನು ಕುಗ್ಗಿಸಿ ಕಳಿಸುತ್ತದೆ. "ಈಗ ಹೇಳು, ನಿನ್ನ ಪೆನ್‌ಡ್ರೈವಿನ ಹ್ಯಾಷ್ ಯಾವಾಗ ತೆಗದ್ರು?" ಎಂದ.

ಅಲ್ಲಿದೆ ಸಮಸ್ಯೆ. ಹ್ಯಾಷ್ ಎರಡು ಫೈಲುಗಳು ಒಂದೇ ಎಂದು ಹೇಳಬಲ್ಲದು, ಮೊದಲನೆಯ ಫೈಲು ನಿಜದ್ದು ಎಂದು ಹೇಳಲಾರದು. ಜುಲೈ 8ರಂದು ಇಳಿಸಿಕೊಂಡ ಕೂಡಲೇ ಹ್ಯಾಷ್ ತೆಗೆದು ಪಂಚನಾಮೆಯಲ್ಲಿ ಬರೆದಿದ್ದರೆ, ಅವತ್ತಿನಿಂದ ಕೋರ್ಟಿಗೆ ಬರುವವರೆಗೆ ಯಾರೂ ಮುಟ್ಟಿಲ್ಲ ಎಂದು ತೋರಿಸಬಹುದಿತ್ತು. ನಮ್ಮ ಸಮಸ್ಯೆಯಲ್ಲಿ ಹಾಗೆ ಬರೆದಿಲ್ಲ. ಈಗ ವಿಚಾರಣೆಯ ನಡುವೆ ತೆಗೆದರೆ ಇವತ್ತು ಪೆನ್‌ಡ್ರೈವಿನಲ್ಲಿ ಏನಿದೆ ಎಂದಷ್ಟೇ ಗೊತ್ತಾಗುತ್ತದೆ. ಹೋಲಿಸಿ ನೋಡಲು ಡಿವಿಆರ್‌ನಲ್ಲಿ ಮೂಲವೂ ಇಲ್ಲ. ಆದ್ದರಿಂದ ಈ ಸಾಲನ್ನೂ ಹೊಡೆದೆ. ತಜ್ಞ ಎಂದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 79ಎ ಅಡಿ ಅಧಿಸೂಚಿತ ಪರೀಕ್ಷಕರು ಮಾತ್ರ ಎಂದು ಖಡಾಖಂಡಿತವಾಗಿ ಬರೆದಿದ್ದೆ, ಅದಕ್ಕೂ ಗೆರೆ ಎಳೆದೆ. ಕಲಂ 63(4)ರ ಪದಗಳು "ತಜ್ಞ" ಎಂದು ನಿಲ್ಲುತ್ತವೆ, "ಮಾತ್ರ" ಎಂಬುದು ನಾನು ಸೇರಿಸಿದ್ದು. ನಾಲ್ಕಕ್ಕೆ ಒಂದೂವರೆ, ಅದೂ ಔದಾರ್ಯದಿಂದ.

ಮೂಲ ಅಳಿಸಿಹೋಗಿದೆ ಎಂಬ ಸಂಗತಿಯನ್ನು ಹಿಡಿದು ನಾನು ಇನ್ನೊಂದು ಕಡೆ ಜಾರಿದ್ದೆ. "ಕಾನೂನು ಅಸಾಧ್ಯವಾದದ್ದನ್ನು ಮಾಡೆನ್ನುವುದಿಲ್ಲ, ಆದ್ದರಿಂದ ಪ್ರಮಾಣಪತ್ರದಿಂದ ವಿನಾಯಿತಿ" ಎಂದು ಬರೆದು 2018ರ ಶಫಿ ಮೊಹಮ್ಮದ್ ತೀರ್ಪನ್ನು ಉಲ್ಲೇಖಿಸಿದ್ದೆ. ಆ ತೀರ್ಪನ್ನು ಖೋತ್ಕರ್ ಪ್ರಕರಣದಲ್ಲಿ ರದ್ದುಪಡಿಸಿ ವರ್ಷಗಳಾದವು. ಅಸಾಧ್ಯತೆಯ ತತ್ವವನ್ನು ಖೋತ್ಕರ್ ಕೂಡ ಒಪ್ಪುತ್ತದೆ, ಆದರೆ ಅಲ್ಲಿ ತಕರಾರುದಾರರು ಅಧಿಕಾರಿಗಳಿಗೆ ಪತ್ರ ಬರೆದು, ಕೋರ್ಟಿಗೆ ಅರ್ಜಿ ಹಾಕಿ, ಕೈಲಾದದ್ದೆಲ್ಲ ಮಾಡಿದ್ದರು, ಪ್ರಮಾಣಪತ್ರ ಕೊಡಬೇಕಾದವರು ಕೊಡಲಿಲ್ಲ. ನಮ್ಮ ಮ್ಯಾನೇಜರನನ್ನು ಯಾರೂ ಕೇಳಿಯೇ ಇಲ್ಲ. ಕೇಳದೆ ಇದ್ದದ್ದು ಅಸಾಧ್ಯವಾಗುವುದು ಹೇಗೆ? ಅಳಿಸಿಹೋದ ಮೂಲ ಮುಚ್ಚುವುದು ಡಿವಿಆರ್ ತರುವ ದಾರಿಯನ್ನು, ಪ್ರಮಾಣಪತ್ರದ ದಾರಿಯನ್ನಲ್ಲ.

ಹಂತ ಮತ್ತು ಆಕ್ಷೇಪದ ಭಾಗದಲ್ಲಿ ಎರಡು ಅರ್ಧಸತ್ಯಗಳಿದ್ದವು. "ದೋಷಾರೋಪಣ ಪಟ್ಟಿಯ ಜೊತೆ ಸರಿಯಾದ ಪ್ರಮಾಣಪತ್ರ ಇಲ್ಲದಿದ್ದರೆ ಎಲ್ಲ ಮುಗಿಯಿತು" ಎಂಬುದು ಮೊದಲನೆಯದು. ನಮ್ಮ ರಾಜ್ಯದ ಎರಡು ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಇದನ್ನು ಅಲ್ಲಗಳೆದಿದೆ: 2019ರ ಎಂ.ಆರ್. ಹಿರೇಮಠ, 2023ರ ಟಿ. ನಸೀರ್. ಬೆಂಗಳೂರಿನ ಸರಣಿ ಸ್ಫೋಟದ ನಸೀರ್ ಪ್ರಕರಣದಲ್ಲಿ ಲ್ಯಾಪ್‌ಟಾಪ್, ಪೆನ್‌ಡ್ರೈವ್ ಮುಂತಾದವುಗಳ ಪರೀಕ್ಷಾ ವರದಿ ಬಂದದ್ದು 2010ರಲ್ಲಿ, ಪ್ರಮಾಣಪತ್ರ ಹಾಜರುಪಡಿಸಲು ಹೊರಟದ್ದು 2017ರಲ್ಲಿ. ವಿಚಾರಣಾ ನ್ಯಾಯಾಲಯವೂ ಹೈಕೋರ್ಟೂ ಬೇಡವೆಂದವು, ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿತು. ವಿಚಾರಣೆ ಮುಗಿದಿಲ್ಲ, ಆರೋಪಿಗೆ ಸರಿಪಡಿಸಲಾಗದ ಹಾನಿಯಾಗುವುದಿಲ್ಲ ಎಂಬುದು ಅಲ್ಲಿನ ತಿರುಳು. ಆದ್ದರಿಂದ ನಮ್ಮ ಅಭಿಯೋಜಕರು ಸಾಕ್ಷಿಯನ್ನು ಮರಳಿ ಕರೆಸಲು ಅರ್ಜಿ ಹಾಕಬಹುದು. ಅಂತಿಮ ವಾದ ನಡೆಯುತ್ತಿರುವಾಗ ಅದು ಎಷ್ಟು ಸುಲಭ ಎಂಬುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು.

ಎರಡನೆಯದು, "ಗುರುತು ಮಾಡುವಾಗ ಆಕ್ಷೇಪಿಸದ ಕಾರಣ ಈಗ ಆಕ್ಷೇಪಿಸುವಂತಿಲ್ಲ." 2017ರ ಸೋನು ಪ್ರಕರಣದಿಂದ ಎತ್ತಿದ್ದು. ಅಲ್ಲಿ ಆಕ್ಷೇಪ ಮೊದಲ ಬಾರಿಗೆ ಬಂದದ್ದು ಅಪೀಲಿನಲ್ಲಿ, ನಮ್ಮಲ್ಲಿ ವಿಚಾರಣಾ ನ್ಯಾಯಾಲಯದಲ್ಲೇ. ಪ್ರಮಾಣಪತ್ರ ಕಡ್ಡಾಯ ಎನ್ನುವ ಖೋತ್ಕರ್‌ನ ಮಾತಿಗೂ, ಅದರ ಕೊರತೆ ರುಜುವಾತಿನ ವಿಧಾನದ ದೋಷ ಮಾತ್ರ ಎನ್ನುವ ಸೋನುವಿನ ಮಾತಿಗೂ ನಡುವೆ ಎಳೆದಾಟವಿದೆ. ಅದನ್ನು ತೋರಿಸಿ ಒಂದು ಕಡೆ ನಿಂತಿದ್ದರೆ ಪೂರ್ತಿ ಅಂಕ ಹಾಕುತ್ತಿದ್ದೆ. ಎಳೆದಾಟವೇ ಇಲ್ಲವೆಂಬಂತೆ ಬರೆದಿದ್ದೆ. ಒಂದೂವರೆ.

ತೀರ್ಮಾನ: "ಆದ್ದರಿಂದ ಪೆನ್‌ಡ್ರೈವ್ ಗ್ರಾಹ್ಯ, ಆರೋಪಿಯ ಅಪರಾಧ ರುಜುವಾತಾಗಿದೆ." ಕೇಳಿದ್ದು ಅರ್ಧ, ಹೇಳಿದ್ದು ಒಂದೂವರೆ ಪಟ್ಟು. ದಾಖಲೆ ಒಳಗೆ ಬಂದ ಮೇಲಷ್ಟೇ ಅದು ನಿಜವೇ, ಅದರಲ್ಲಿರುವವನು ಇವನೇ ಎಂಬ ಪ್ರಶ್ನೆಗಳು ಶುರುವಾಗುತ್ತವೆ. ಅಲ್ಲಿಗೂ ಒಂದೂವರೆ ಹಾಕಿ ಕೂಡಿದೆ. ಆರು.

ಹೊಸದಾಗಿ ಬರೆದ ಉತ್ತರ ಮೊದಲಿನದಕ್ಕಿಂತ ಚಿಕ್ಕದಾಯಿತು. ಹೊಸ ಅಧಿನಿಯಮ ಅನ್ವಯಿಸುತ್ತದೆ, ಪೆನ್‌ಡ್ರೈವ್ ನಕಲು, ಇರುವ ಪ್ರಮಾಣಪತ್ರ ಕಲಂ 63(4)ಕ್ಕೆ ಹೊಂದುವುದಿಲ್ಲ, ಹಾಗಾಗಿ ಇವತ್ತಿನ ಸ್ಥಿತಿಯಲ್ಲಿ ಗ್ರಾಹ್ಯವಲ್ಲ. ಆದರೆ ಮ್ಯಾನೇಜರ್ ಮತ್ತು ತಜ್ಞರ ಸಹಿಯ ಪ್ರಮಾಣಪತ್ರವನ್ನು ತರಲು ನ್ಯಾಯಾಲಯ ಅವಕಾಶ ಕೊಡಬಹುದು, ಕೊಟ್ಟರೂ ಜುಲೈ 8ರ ಹ್ಯಾಷ್ ಇಲ್ಲದ್ದು ಸಾಕ್ಷ್ಯದ ತೂಕವನ್ನು ತಗ್ಗಿಸುತ್ತದೆ. ಇದನ್ನು ನಮ್ಮ ಸೀನಿಯರಿಗೆ ತೋರಿಸಿದೆ. ಅವರು ಚಹಾ ಕುಡಿಯುತ್ತಲೇ ಓದಿದರು, ಹಾಳೆ ಮಡಿಸಿ ಕೈಗಿಟ್ಟರು.

"ಎಲ್ಲಾ ಸರಿ ಐತಿ ತಮ್ಮಾ. ಡಿವಿಆರ್‌ದ ಗಡಿಯಾರ ಸರಿ ಇತ್ತೇನು?"

ನಾನು ಸುಮ್ಮನೆ ನಿಂತೆ.

"ದೃಶ್ಯದ ಮೂಲ್ಯಾಗ 20-6ರ ರಾತ್ರಿ 9:40 ಅಂತ ಬರತೈತಿ. ಆ ಡಬ್ಬಿ ಗಡಿಯಾರ ಒಂದ್ ತಾಸು ಮುಂದಿತ್ತು ಅಂದ್ರ, ಆ ಹೊತ್ತಿಗೆ ಅಂಗಡಿ ಬಾಗಲಾನೇ ಹಾಕಿರಂಗಿಲ್ಲ. ಪಂಚನಾಮೆದಾಗ ಎರಡೂ ಟೈಮ್ ಬರದಾರೇನ್ ನೋಡು."

ನೋಡುವುದೇನು, ಸಮಸ್ಯೆ ಕಟ್ಟಿದವನು ನಾನು, ಅದರಲ್ಲಿ ಗಡಿಯಾರವೇ ಇರಲಿಲ್ಲ. ಎಡಗಡೆಯ ಪಟ್ಟಿಯಲ್ಲಿ ಹತ್ತನೆಯ ಸಾಲು ಬರೆದು, ಅದರ ಬಲಗಡೆ ಖಾಲಿ ಬಿಟ್ಟು, ಹಾಳೆಯನ್ನು ಹಾಗೇ ಗುಂಪಿಗೆ ಕೊಟ್ಟೆ.